ಹಕ್ಕಿ ಎಣಿಸುವವರ ಖರ್ಚಿಗೆ ಕಾರಣ

ಅನುದಾನ ಕೇಳುವ ಅರ್ಜಿಯಲ್ಲಿ ಎರಡು ಪುಟಗಳು ಒಂದರ ಹಿಂದೆ ಒಂದು ಬರುತ್ತವೆ. ಮೊದಲನೆಯದು ಖರ್ಚಿನ ಅಂದಾಜು ಪಟ್ಟಿ. ಅದರಲ್ಲಿ ಅಂಕಿಗಳು ಮಾತ್ರ ಇರುತ್ತವೆ. ಎರಡನೆಯದು ಆ ಒಂದೊಂದು ಅಂಕಿಗೂ ಕಾರಣ ಹೇಳುವ ಪುಟ. ಇದನ್ನು ಖರ್ಚಿನ ಸಮರ್ಥನೆ ಎನ್ನುತ್ತಾರೆ. ಮೊದಲ ಪುಟವನ್ನು ಎಲ್ಲರೂ ಎಚ್ಚರದಿಂದ ಬರೆಯುತ್ತಾರೆ. ಎರಡನೆಯದನ್ನು ಅರ್ಜಿ ಕಳಿಸುವ ಹಿಂದಿನ ರಾತ್ರಿ ಬರೆಯುತ್ತಾರೆ. ಅರ್ಜಿ ಓದುವವರಾದರೋ ಎರಡನೆಯದನ್ನೇ ಮೊದಲು ತೆರೆಯುತ್ತಾರೆ. ಕೆಲಸ ಮಾಡಹೊರಟವನಿಗೆ ಕೆಲಸ ಗೊತ್ತೋ ಇಲ್ಲವೋ ಎಂಬುದು ಅಲ್ಲಿಯೇ ಬಯಲಾಗುತ್ತದೆ.

ಕನ್ನಡ ಪಂಡಿತನಿಗೆ ಈ ಲೆಕ್ಕದ ಗೊಡವೆ ಏಕೆ ಎಂದು ನೀವು ಕೇಳಬಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ ಕೆಲವು ತರುಣರು, ಅವರಲ್ಲಿ ಹಲವರು ನನ್ನ ಹಳೆಯ ವಿದ್ಯಾರ್ಥಿಗಳು, ಕೃಷ್ಣಾ ಮತ್ತು ದೂಧಗಂಗಾ ನದಿಗಳ ದಂಡೆಯಲ್ಲಿಯೂ ಊರ ಕೆರೆಗಳಲ್ಲಿಯೂ ನೀರುಹಕ್ಕಿಗಳನ್ನು ತಿಂಗಳು ತಿಂಗಳಿಗೂ ಎಣಿಸಬೇಕೆಂದು ಹೊರಟರು. ಊರವರೇ ತರಬೇತಿ ಪಡೆದು ತಮ್ಮ ಊರಿನ ಜೀವಜಾತಿಗಳ ಲೆಕ್ಕವಿಡುವ ಕೆಲಸ ಇದು. ಅದಕ್ಕೆ ಅರ್ಜಿ ಬರೆದು, ಭಾಷೆ ತಿದ್ದಿ ಕೊಡಿರೆಂದು ನನ್ನ ಬಳಿಗೆ ತಂದರು. ಭಾಷೆಯಲ್ಲಿ ತಿದ್ದುವಂಥದು ಬಹಳ ಇರಲಿಲ್ಲ. ತಿದ್ದಬೇಕಾದದ್ದು ಒಂದೇ ಸಾಲು. ಅದು ಹೀಗಿತ್ತು: ಸ್ವಯಂಸೇವಕರು ನಲವತ್ತು ಜನ, ಖರ್ಚು ಇಲ್ಲ.

“ಗುರುಗಳ, ನಮಗ ರೊಕ್ಕಾ ಬ್ಯಾಡ ಅಂತ ಬರದ್ರ ಅವರಿಗೆ ಛಲೋ ಅನಸ್ತದ ಅಂತ ತಿಳಕೊಂಡಿದ್ವಿ” ಎಂದ ಅವರಲ್ಲೊಬ್ಬ. ಅದೇ ಸಾಲಿನ ಮೇಲೆ ಒಂದು ಸಂಸ್ಥೆ ಅವರ ಅರ್ಜಿಯನ್ನು ಆಗಲೇ ಹಿಂದಕ್ಕೆ ಕಳಿಸಿತ್ತು. ಜನ ಪುಕ್ಕಟೆ ದುಡಿಯುವುದಾದರೆ ಉಳಿದ ಲಕ್ಷಗಳು ಯಾತಕ್ಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ.

ಪುಕ್ಕಟೆ ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕು. ಸ್ವಯಂಸೇವಕ ತನ್ನ ಬೆಳಗನ್ನು ಕೊಡುತ್ತಾನೆ. ಅದು ಅವನ ದಾನ. ಆದರೆ ಅವನ ಬೈಕಿನ ಪೆಟ್ರೋಲು ದಾನವಲ್ಲ. ಹೊಳೆಯ ದಂಡೆಯಲ್ಲಿ ಆರು ಗಂಟೆಯಿಂದ ಒಂಬತ್ತರ ತನಕ ನಿಂತವನ ಹೊಟ್ಟೆಗೆ ಬೇಕಾದ ಚಹಾ ಅವಲಕ್ಕಿಯೂ ದಾನವಲ್ಲ. ಮೊದಲ ತಿಂಗಳು ಹುರುಪಿನಿಂದ ಕೈಯಿಂದ ಹಾಕುತ್ತಾನೆ. ಎರಡನೆಯ ತಿಂಗಳೂ ಹಾಕುತ್ತಾನೆ. ಆರನೆಯ ತಿಂಗಳಿಗೆ ದಂಡೆಗೆ ಹೋಗದೆ ಮನೆಯಲ್ಲಿಯೇ ಕುಳಿತು ಹಾಳೆ ತುಂಬುತ್ತಾನೆ. ಇಲ್ಲವೆ ಪೂರಾ ಬಿಟ್ಟುಬಿಡುತ್ತಾನೆ. ಎರಡರಲ್ಲಿ ಬಿಟ್ಟುಬಿಡುವವನೇ ವಾಸಿ. ಮನೆಯಲ್ಲಿ ಕುಳಿತು ಬರೆದ ಹಾಳೆ ಉಳಿದ ಹಾಳೆಗಳನ್ನೂ ಕೆಡಿಸುತ್ತದೆ.

ಇಂಥದು ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಗಿಡಮರ, ಪ್ರಾಣಿಪಕ್ಷಿ, ತಳಿ, ತಿಳಿವಳಿಕೆಗಳನ್ನೆಲ್ಲ ಬರೆದಿಡುವ ಜನತಾ ದಾಖಲೆ ಸಿದ್ಧಪಡಿಸಬೇಕು. ವರ್ಷಗಟ್ಟಲೆ ಬಹುಕಡೆ ಇದು ಆಗಲೇ ಇಲ್ಲ. 2019ರ ಆಗಸ್ಟಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರೊಳಗೆ ಮುಗಿಸಬೇಕು, ಇಲ್ಲವಾದರೆ ಆ ಮೇಲಿನ ಒಂದೊಂದು ತಿಂಗಳಿಗೂ ರಾಜ್ಯಗಳು ಹತ್ತು ಲಕ್ಷ ರೂಪಾಯಿ ಕಟ್ಟಬೇಕು ಎಂದು ಆಜ್ಞೆ ಮಾಡಿತು. ಆಮೇಲೆ ದಾಖಲೆಗಳು ಮಳೆಗಾಲದ ಅಣಬೆಯಂತೆ ಎದ್ದವು. ಆತುರದಲ್ಲಿ ಬರೆದ ದಾಖಲೆಗೆ ಒಂದು ಸಲದ ಹಣ ಸಾಕು. ಆದರೆ ಒಂದು ಕೊಕ್ಕರೆ ಕಳೆದ ವರ್ಷ ಇತ್ತು, ಈ ವರ್ಷ ಇಲ್ಲ ಎಂದು ಹೇಳಬೇಕಾದರೆ ಅದೇ ಜಾಗಕ್ಕೆ ಅದೇ ರೀತಿಯಲ್ಲಿ ಮತ್ತೆ ಮತ್ತೆ ಹೋಗಬೇಕು. ದಾಖಲೆ ಬೇರೆ, ನಿಗಾ ಬೇರೆ. ನಿಗಾದ ಖರ್ಚೆಲ್ಲವೂ ಈ ‘ಮತ್ತೆ ಮತ್ತೆ’ ಎಂಬುದರಲ್ಲಿದೆ.

ಆದಕಾರಣ ಲೆಕ್ಕವನ್ನು ಹಣದಿಂದ ಆರಂಭಿಸದೆ ಭೇಟಿಯಿಂದ ಆರಂಭಿಸಬೇಕು. ನಮ್ಮ ಹುಡುಗರ ಅರ್ಜಿಯನ್ನೇ ಹಿಡಿಯೋಣ. ದರಗಳು ನಮ್ಮ ಕಡೆಯ ಅಂದಾಜಿನವು. ನಿಮ್ಮ ಊರಿನಲ್ಲಿ ಬೇರೆ ಇರಬಹುದು, ಕೇಳಿ ಬರೆಯಿರಿ. ತಾಲ್ಲೂಕಿಗೆ ನಾಲ್ಕರಂತೆ ಇಪ್ಪತ್ತು ಜಾಗ. ತಿಂಗಳಿಗೊಂದು ಭೇಟಿ. ವರ್ಷಕ್ಕೆ ಹನ್ನೆರಡು ಎಂದು ಅವರು ಬರೆದಿದ್ದರು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕೃಷ್ಣೆಯ ದಂಡೆಗೆ ಯಾರು ಹೋಗುತ್ತೀರಿ ಎಂದು ಕೇಳಿದಾಗ ನಕ್ಕು ಹತ್ತು ಎಂದು ತಿದ್ದಿದರು. ಇಪ್ಪತ್ತು ಜಾಗಕ್ಕೆ ಹತ್ತರಂತೆ ವರ್ಷಕ್ಕೆ ಇನ್ನೂರು ಭೇಟಿ. ಭೇಟಿಗೆ ಇಬ್ಬರು: ಒಬ್ಬ ನೋಡುವವ, ಒಬ್ಬ ಬರೆಯುವವ. ಇಬ್ಬರಿಗೂ ಒಂದೇ ಬೈಕು. ಹೋಗಿ ಬರುವುದು ಸರಾಸರಿ 24 ಕಿಲೋಮೀಟರು, ಕಿಲೋಮೀಟರಿಗೆ ನಾಲ್ಕು ರೂಪಾಯಿಯಂತೆ 96 ರೂಪಾಯಿ. ಉಪಾಹಾರಕ್ಕೆ ತಲೆಗೆ 60ರಂತೆ 120. ಒಂದು ಭೇಟಿಗೆ 216 ರೂಪಾಯಿ. ಇನ್ನೂರು ಭೇಟಿಗೆ 43,200. ಎರಡು ವರ್ಷಕ್ಕೆ 86,400.

ಈ ಗುಣಾಕಾರವನ್ನು ಸಮರ್ಥನೆಯ ಪುಟದಲ್ಲಿ ಹೀಗೆಯೇ ಬಿಡಿಸಿ ಬರೆಯಬೇಕು. ಬರಿದೆ ‘ಪ್ರಯಾಣ ವೆಚ್ಚ ತೊಂಬತ್ತು ಸಾವಿರ’ ಎಂದು ಬರೆದರೆ ಓದುವವನು ತನಗೆ ತೋಚಿದಷ್ಟು ಕಡಿಯುತ್ತಾನೆ. ಗುಣಾಕಾರ ಕಂಡರೆ, ಕಡಿಯುವುದಾದರೂ ಏನನ್ನು ಕಡಿಯುತ್ತಿದ್ದೇನೆ ಎಂಬುದು ಅವನಿಗೆ ತಿಳಿಯುತ್ತದೆ: ಜಾಗವನ್ನೋ, ತಿಂಗಳನ್ನೋ, ಇಬ್ಬರಲ್ಲಿ ಒಬ್ಬನನ್ನೋ.

ಇಲ್ಲಿ ನಮ್ಮ ಸೀಮೆಗೆ ಸೇರಿದ ಒಂದು ಸಣ್ಣ ಬಾಬು ಉಂಟು. ದೂಧಗಂಗಾ, ವೇದಗಂಗಾ, ಕೃಷ್ಣಾ ನದಿಗಳಿಗೆ ಕಟ್ಟಿರುವ ತಗ್ಗಿನ ಸೇತುವೆಗಳು, ಕಲ್ಲೋಳ ಯಡೂರಿನದು, ಕಾರದಗಾ ಭೋಜದ್ದು, ಅಕ್ಕೋಳ ಸಿದ್ನಾಳದ್ದು, ಜತ್ರಾಟ ಭಿವಶಿಯದು, ಮಹಾರಾಷ್ಟ್ರದ ಘಟ್ಟದಲ್ಲಿ ಜೋರಾಗಿ ಮಳೆಯಾದರೆ ನೀರಿನಡಿ ಹೋಗುತ್ತವೆ. ಕಣ್ಣೆದುರಿಗೆ ಕಾಣುವ ಆಚೆಯ ಊರಿಗೆ ಸುತ್ತುಹಾಕಿ ಹೋಗಬೇಕಾಗುತ್ತದೆ. ಇಪ್ಪತ್ತರಲ್ಲಿ ಆರು ಜಾಗಗಳಿಗೆ ಇಂಥ ಸೇತುವೆ ದಾಟಬೇಕು. ಮಳೆಗಾಲದ ಅಂಚಿನ ಎರಡು ತಿಂಗಳು, ಜೂನ್ ಮತ್ತು ಸೆಪ್ಟೆಂಬರಿನಲ್ಲಿ, ಒಂದೊಂದು ಭೇಟಿಗೂ ಮೂವತ್ತು ಕಿಲೋಮೀಟರು ಹೆಚ್ಚು ಎಂದಿಟ್ಟುಕೊಂಡರೆ ವರ್ಷಕ್ಕೆ 1,440 ರೂಪಾಯಿ. ಇಷ್ಟು ಚಿಲ್ಲರೆಯನ್ನು ಬೇರೆ ಸಾಲಿನಲ್ಲಿ ಏಕೆ ಬರೆಯಬೇಕು ಎಂದು ಹುಡುಗರು ಕೇಳಿದರು. ಬರೆಯದಿದ್ದರೆ ಆಗುವುದಿಷ್ಟೆ: ಜೂನಿನಲ್ಲಿ ಪೆಟ್ರೋಲಿಗೆ ಸಾಲದೆ ಆ ಆರು ಜಾಗಗಳೇ ತಪ್ಪುತ್ತವೆ. ವರ್ಷವರ್ಷವೂ ಅವೇ ಜಾಗ, ಅವೇ ತಿಂಗಳು ತಪ್ಪಿದರೆ ಮಳೆಗಾಲದ ಆರಂಭದಲ್ಲಿ ಅಲ್ಲಿ ಹಕ್ಕಿಯೇ ಇರಲಿಲ್ಲವೆಂದು ಮುಂದೆ ಯಾರಾದರೂ ತಿಳಿದಾರು. ಬೆಂಗಳೂರಿನಲ್ಲಿ ಕುಳಿತು ಅರ್ಜಿ ಓದುವವರಿಗೆ ಯಡೂರಿನ ಸೇತುವೆ ಮುಳುಗುತ್ತದೆಂದು ನಾವೇ ಹೇಳದೆ ತಿಳಿಯುವುದು ಹೇಗೆ?

ಇನ್ನು ತರಬೇತಿಯ ಮಾತು. ಇಪ್ಪತ್ತು ಜಾಗಕ್ಕೆ ನಲವತ್ತು ಜನ ಬೇಕು. ಹಾಗಾದರೆ ನಲವತ್ತು ಜನಕ್ಕೆ ತರಬೇತಿ ಕೊಟ್ಟರೆ ಸಾಕೆ? ಸಾಲದು. ನಮ್ಮ ಐದು ತಾಲ್ಲೂಕುಗಳಲ್ಲಿ ಚಳಿಗಾಲದ ವಲಸೆ ಹಕ್ಕಿಗಳು ಬಂದು ಇಳಿಯುವ ತಿಂಗಳುಗಳೂ ಕಬ್ಬು ಕಡಿಯುವ ತಿಂಗಳುಗಳೂ ಒಂದೇ. ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತು ಕರ್ನಾಟಕದ ಕೆರೆಗಳಿಗೆ ಬರುವ ಹೊತ್ತಿಗೆ ನಮ್ಮ ಹುಡುಗ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಕಾರ್ಖಾನೆಯ ಸರದಿಯಲ್ಲಿ ರಾತ್ರಿ ಕಳೆಯುತ್ತಿರುತ್ತಾನೆ. ಅದು ಮುಗಿಯುವಷ್ಟರಲ್ಲಿ ಕಾಲೇಜಿನವರಿಗೆ ಪರೀಕ್ಷೆ. ಹೆಣ್ಣುಮಕ್ಕಳಲ್ಲಿ ಮದುವೆಯಾಗಿ ಊರು ಬಿಡುವವರೂ ಉಂಟು. ಮೂವರಲ್ಲಿ ಒಬ್ಬರು ಉಳಿಯಲಾರರೆಂದು ತಿಳಿದು ಅರುವತ್ತು ಜನಕ್ಕೆ ಕಲಿಸಬೇಕು. ‘ನಲವತ್ತು ಬೇಕು, ಅರುವತ್ತಕ್ಕೆ ಕಲಿಸುತ್ತೇವೆ, ಕಾರಣ ಕಬ್ಬಿನ ಹಂಗಾಮು’ ಎಂದು ಒಂದೇ ಸಾಲಿನಲ್ಲಿ ಬರೆದರೂ ಓದುವವನು ತಲೆದೂಗುತ್ತಾನೆ. ಬರೆಯದಿದ್ದರೆ ಹೆಚ್ಚಿನ ಇಪ್ಪತ್ತು ಜನ ಅವನಿಗೆ ದುಂದಾಗಿ ಕಾಣುತ್ತಾರೆ.

ಎರಡು ದಿನದ ತರಬೇತಿಗೆ ಅರುವತ್ತು ಜನರ ಊಟ ದಿನಕ್ಕೆ 150ರಂತೆ 18,000. ಬರಹೋಗಲು ತಲೆಗೆ ನೂರರಂತೆ 6,000. ಕಲಿಸುವವರ ಪ್ರಯಾಣ, ವಸತಿಗೆ 12,000. ಇಲ್ಲಿಗೆ 36,000. ಎರಡನೆಯ ವರ್ಷ ಉಳಿದ ನಲವತ್ತು ಜನಕ್ಕೆ ಒಂದು ದಿನದ ಮರುಪಾಠ, ಅದಕ್ಕೆ 16,000. ಈ ಮರುಪಾಠವನ್ನು ಬಹಳ ಅರ್ಜಿಗಳು ಮರೆಯುತ್ತವೆ. ಕಲಿತದ್ದು ಮಸುಕಾಗುತ್ತದೆಂದು ಶಾಲೆಯ ಮೇಷ್ಟರಿಗೆ ಯಾರೂ ಹೇಳಬೇಕಾಗಿಲ್ಲ.

ಏನು ಮಸುಕಾಗುತ್ತದೆ ಎಂದು ಒಂದು ಹಕ್ಕಿಯನ್ನೇ ಹಿಡಿದು ಹೇಳುತ್ತೇನೆ. ಬೆಳ್ಳಕ್ಕಿ ನಮಗೆಲ್ಲ ಒಂದೇ, ಬೆಳ್ಳಗಿದ್ದದ್ದು ಬೆಳ್ಳಕ್ಕಿ. ಎಣಿಸುವವನಿಗೆ ಅದು ನಾಲ್ಕು ಹಕ್ಕಿ. ದನದ ಹಿಂದೆ ನಡೆಯುವ ಗೋವಕ್ಕಿಗೆ ಗಿಡ್ಡ ಹಳದಿ ಕೊಕ್ಕು. ಚಿಕ್ಕ ಬೆಳ್ಳಕ್ಕಿಗೆ ಕರಿಯ ಕೊಕ್ಕು, ಕರಿಯ ಕಾಲು, ಆದರೆ ಪಾದದ ಬೆರಳು ಹಳದಿ. ಮಧ್ಯಮ ಬೆಳ್ಳಕ್ಕಿಯ ಕೊಕ್ಕು ಚಳಿಗಾಲದಲ್ಲಿ ಹಳದಿ, ತುದಿಯಷ್ಟೆ ಕಪ್ಪು. ದೊಡ್ಡ ಬೆಳ್ಳಕ್ಕಿಯ ಬಾಯಿಯ ಗೆರೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ಹೇಳಲು ಸುಲಭ. ಚಿಕ್ಕ ಬೆಳ್ಳಕ್ಕಿ ಕೆಸರಿನಲ್ಲಿ ನಿಂತಿರುತ್ತದೆ, ಬೆರಳು ಕಾಣುವುದಿಲ್ಲ. ಬೆಳಗಿನ ಮಂಜಿನಲ್ಲಿ ಕೊಕ್ಕಿನ ಬಣ್ಣವೂ ತಿಳಿಯುವುದಿಲ್ಲ. ಗೋವಕ್ಕಿ ಹೊಲ ಹುಲ್ಲುಗಾವಲುಗಳ ಹಕ್ಕಿ, ಚಿಕ್ಕ ಬೆಳ್ಳಕ್ಕಿ ನೀರಿನ ಹಕ್ಕಿ. ಇವೆರಡನ್ನೂ ಬೆರೆಸಿ ಎಣಿಸಿದರೆ ಹೊಳೆಯ ಮೀನು ಕಡಿಮೆಯಾಗಿ ನೀರಿನ ಹಕ್ಕಿ ಹೋಗಿಬಿಟ್ಟರೂ, ಹೊಲದ ಹಕ್ಕಿ ಬಂದು ಅಂಕಿಯನ್ನು ತುಂಬಿಬಿಡುತ್ತದೆ. ಏನೂ ಆಗಿಲ್ಲವೆಂದು ಹಾಳೆ ಹೇಳುತ್ತದೆ.

ಹಾಳೆಯ ಭಾಷೆಗೂ ಖರ್ಚುಂಟು. ನಿಪ್ಪಾಣಿಯ ಕಡೆಯಲ್ಲಿಯೂ ಗಡಿಯ ಹಳ್ಳಿಗಳಲ್ಲಿಯೂ ಮನೆಮಾತು ಮರಾಠಿಯಾದವರು ಬಹಳ. ಸಂಸ್ಕೃತದ ಟಿಟ್ಟಿಭ ನಮಗೆ ಟಿಟ್ಟಿಭವೇ, ಅವರಿಗೆ ಟಿಟವಿ. ಪಂಚತಂತ್ರದಲ್ಲಿ ಸಮುದ್ರದೊಡನೆ ಜಗಳಕ್ಕೆ ನಿಂತ ಹಕ್ಕಿ ಅದೇ. ಈ ಜೋಡಿ ಒಂದೇ ಬೇರಿನಿಂದ ಬಂದದ್ದರಿಂದ ತೊಂದರೆಯಿಲ್ಲ, ಉಳಿದ ಹೆಸರುಗಳು ಹೀಗೆ ಹೊಂದುವುದಿಲ್ಲ. ಹಕ್ಕಿಯ ಚಿತ್ರ, ಕೆಳಗೆ ಕನ್ನಡ ಮರಾಠಿ ಎರಡರಲ್ಲಿಯೂ ಹೆಸರು ಇರುವ ಕೈಪುಸ್ತಕ ಅರುವತ್ತು ಪ್ರತಿಗೆ, ಪ್ರತಿಗೆ ಇನ್ನೂರರಂತೆ, 12,000. ಬಣ್ಣದ ಮುದ್ರಣ ಏಕೆಂದು ಕೇಳುವವರಿಗೆ ಮೇಲಿನ ಕೊಕ್ಕುಗಳ ಕತೆಯೇ ಉತ್ತರ.

ಎಣಿಕೆ ಸರಿಯಿದೆಯೆಂದು ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಹಣವಿಡದ ಅರ್ಜಿಯನ್ನು ನಾನಾದರೆ ಒಪ್ಪುವುದಿಲ್ಲ. ಹತ್ತು ಭೇಟಿಗೆ ಒಂದರಂತೆ, ಅನುಭವಸ್ಥರೊಬ್ಬರು ಅದೇ ಬೆಳಗ್ಗೆ ಅದೇ ಜಾಗದಲ್ಲಿ ನಿಂತು, ಜೋಡಿಯವರೊಡನೆ ಮಾತಾಡದೆ ತಮ್ಮಷ್ಟಕ್ಕೆ ಎಣಿಸಬೇಕು. ಕೊನೆಗೆ ಎರಡು ಹಾಳೆಗಳನ್ನು ಪಕ್ಕಪಕ್ಕಕ್ಕೆ ಇಡಬೇಕು. ವರ್ಷಕ್ಕೆ ಇಪ್ಪತ್ತು ಭೇಟಿ, ಭೇಟಿಗೆ ಸಾವಿರ ರೂಪಾಯಿ, ಎರಡು ವರ್ಷಕ್ಕೆ 40,000. ಸುಳ್ಳು ಹಾಳೆಯ ಗುರುತು ಅದಕ್ಕಿಂತ ಮುಂಚೆಯೂ ಸಿಕ್ಕುತ್ತದೆ. ಅಂಕಿಗಳೆಲ್ಲ ಐವತ್ತು, ನೂರು, ಇನ್ನೂರು ಎಂದು ಸೊನ್ನೆಯಲ್ಲಿಯೇ ಮುಗಿಯುತ್ತಿದ್ದರೆ ಅಂದಾಜಿನಲ್ಲಿ ಬರೆದದ್ದು. ಮೂರು ತಿಂಗಳೂ ನೀರುಕಾಗೆ ಹದಿನೇಳೇ ಇದ್ದರೆ ಹಿಂದಿನ ಹಾಳೆ ನೋಡಿ ಬರೆದದ್ದು. ‘ಒಂದೂ ಹಕ್ಕಿ ಇಲ್ಲ’ ಎಂದು ವರ್ಷದಲ್ಲಿ ಒಮ್ಮೆಯೂ ಬಾರದ ಜೋಡಿಯ ಮೇಲೂ ಕಣ್ಣಿಡಬೇಕು.

ಈ ಕೊನೆಯದು ಭತ್ಯೆ ಕೊಡುವ ರೀತಿಗೆ ನೇರವಾಗಿ ಸಂಬಂಧಿಸಿದ್ದು. ಒಂದು ಕರಡಿನಲ್ಲಿ ಅಪರೂಪದ ಹಕ್ಕಿ ಕಂಡವರಿಗೆ ಹೆಚ್ಚಿನ ಗೌರವಧನ ಎಂದಿತ್ತು. ಅದನ್ನು ಹೊಡೆದುಹಾಕಿಸಿದೆ. ಹಕ್ಕಿಗೆ ಹಣ ಕೊಟ್ಟರೆ ಹಕ್ಕಿ ಕಾಣುತ್ತದೆ, ಇರಲಿ ಇಲ್ಲದಿರಲಿ. ಭೇಟಿಗೆ ಕೊಡಬೇಕು, ಸೊನ್ನೆ ಬರೆದುಕೊಂಡು ಬಂದವನಿಗೂ ಅದೇ 216 ರೂಪಾಯಿ. ಹೋದವರು ನೋಡಿದರು, ಇರಲಿಲ್ಲ ಎಂಬುದೂ ಎಣಿಕೆಯೇ.

ಕೇರಳದಲ್ಲಿ 2015ರಿಂದ 2020ರ ವರೆಗೆ ಸಾವಿರಕ್ಕೂ ಮಿಕ್ಕ ಸ್ವಯಂಸೇವಕರು ರಾಜ್ಯದ ಹಕ್ಕಿಗಳ ನಕ್ಷೆಯನ್ನೇ ಸಿದ್ಧಪಡಿಸಿದರು. ನಾಡನ್ನು ಚೌಕಗಳಾಗಿ ಹಂಚಿ, ಸುಮಾರು ಒಂದು ಕಿಲೋಮೀಟರು ಅಗಲದ ಒಂದೊಂದು ಸಣ್ಣ ಚೌಕದಲ್ಲಿ ಹದಿನೈದು ನಿಮಿಷದ ನಾಲ್ಕು ಪಟ್ಟಿ, ಮಳೆಗಾಲದಲ್ಲೊಮ್ಮೆ ಬೇಸಗೆಯಲ್ಲೊಮ್ಮೆ. ಯಾರು ಹೋದರೂ ಅದೇ ಹದಿನೈದು ನಿಮಿಷ. ರೀತಿ ಇಷ್ಟು ಬಿಗಿಯಾಗಿದ್ದರೆ ಖರ್ಚನ್ನೂ ಬೆರಳೆಣಿಸಿ ಹೇಳಬಹುದು. ರೀತಿ ಸಡಿಲವಾದಷ್ಟೂ ಪಟ್ಟಿಯಲ್ಲಿ ‘ಇತರೆ’ ಎಂಬ ಬಾಬು ಉಬ್ಬುತ್ತದೆ.

ಸಾಮಾನಿನ ಬಾಬಿನಲ್ಲಿ ದುರ್ಬೀನು ಒಂದೇ ದೊಡ್ಡದು. ಎಂಟು ಪಟ್ಟು ಹತ್ತಿರಕ್ಕೆ ತರುವ, 42 ಮಿಲಿಮೀಟರು ಗಾಜಿನದು ಈ ಕೆಲಸಕ್ಕೆ ಸಾಕು. ಹನ್ನೆರಡು ಪಟ್ಟಿನದನ್ನು ತಂದರೆ ಕೈ ನಡುಗಿ ಹಕ್ಕಿಯೂ ನಡುಗುತ್ತದೆ. ಒಂದಕ್ಕೆ ಏಳು ಸಾವಿರ. ಎಷ್ಟು ಬೇಕು? ನಲವತ್ತು ಜನಕ್ಕೆ ನಲವತ್ತು ಬೇಡ, ಜೋಡಿಗೊಂದರಂತೆ ಇಪ್ಪತ್ತೂ ಬೇಡ. ಭೇಟಿಗಳು ತಿಂಗಳಿಡೀ ಹಂಚಿರುವುದರಿಂದ ತಾಲ್ಲೂಕಿಗೆ ಎರಡರಂತೆ ಹತ್ತು ಸಾಕು: 70,000. ಆದರೆ ಜನವರಿಯಲ್ಲಿ ಒಂದು ದಿನ ಮಾತ್ರ ಇಪ್ಪತ್ತೂ ಕಡೆ ಒಟ್ಟಿಗೆ ಎಣಿಸಬೇಕು. 1987ರಿಂದ ನಡೆದಿರುವ ಏಷ್ಯಾದ ನೀರುಹಕ್ಕಿ ಗಣತಿಯ ತಿಂಗಳೂ ಅದೇ. ಬೇರೆ ಬೇರೆ ದಿನ ಎಣಿಸಿದರೆ ಸೋಮವಾರ ಉಗಾರದ ದಂಡೆಯಲ್ಲಿದ್ದ ಹಿಂಡು ಗುರುವಾರ ಕುಡಚಿಯ ದಂಡೆಗೆ ಹಾರಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಆ ಒಂದು ದಿನಕ್ಕೆ ಉಳಿದ ಹತ್ತನ್ನು ಕಡ ತರುತ್ತೇವೆಂದು ಬರೆದೆವು. ಕೊಳ್ಳದ ಸಾಮಾನಿನ ಬಗೆಗೂ ಸಮರ್ಥನೆಯಲ್ಲಿ ಒಂದು ಮಾತಿರಬೇಕು. ಆಗ ಕೊಳ್ಳುವ ಸಾಮಾನಿನ ಮೇಲೆ ನಂಬಿಕೆ ಬರುತ್ತದೆ.

ಎಲ್ಲರ ಕಣ್ಣು ಮೊದಲು ಬೀಳುವುದು ಸಂಯೋಜಕನ ಸಂಬಳದ ಮೇಲೆ. ತಿಂಗಳಿಗೆ ಎಂಟು ಸಾವಿರದಂತೆ 24 ತಿಂಗಳಿಗೆ 1,92,000. ಒಟ್ಟು ಮೊತ್ತದ ಐದರಲ್ಲಿ ಎರಡು ಪಾಲು. ಸ್ವಯಂಸೇವಕರ ಕೆಲಸದಲ್ಲಿ ಸಂಬಳದವನೇಕೆ ಎನ್ನುತ್ತಾರೆ. ತಿಂಗಳಿಗೆ ಬರುವ ಇಪ್ಪತ್ತು ಹಾಳೆಗಳನ್ನು ವಾರದೊಳಗೆ ಓದಬೇಕು. ಸಂಶಯ ಬಂದರೆ ನೆನಪು ಹಸಿಯಾಗಿರುವಾಗಲೇ ಜೋಡಿಗೆ ಫೋನು ಮಾಡಿ ಕೇಳಬೇಕು. ಕಬ್ಬಿಗೆ ಹೋದವನ ಬದಲಿಗೆ ಇನ್ನೊಬ್ಬನನ್ನು ಹುಡುಕಬೇಕು. ಕಣಕ್ಕೆ ಇಳಿಯದ ಜುಲೈ, ಆಗಸ್ಟಿನಲ್ಲಿ ವರ್ಷದ ಹಾಳೆಗಳನ್ನೆಲ್ಲ ಒಪ್ಪವಾಗಿ ಜೋಡಿಸಬೇಕು. ಸಂಬಳದ ಸಾಲಿನ ಕೆಳಗೆ ಈ ಕೆಲಸಗಳನ್ನೇ ಬರೆಯಬೇಕು, ಬರಿಯ ಹುದ್ದೆಯ ಹೆಸರನ್ನಲ್ಲ. ವಿದೇಶದ ಹಣವಾದರೆ ಇದು ಇನ್ನೂ ಮುಖ್ಯ. 2020ರ ತಿದ್ದುಪಡಿಯ ಮೇಲೆ ಅಂಥ ಹಣದಲ್ಲಿ ಆಡಳಿತ ವೆಚ್ಚ ನೂರಕ್ಕೆ ಇಪ್ಪತ್ತನ್ನು ಮೀರುವಂತಿಲ್ಲ. ದಂಡೆಯಲ್ಲಿ ಕೆಲಸ ಮಾಡುವವನನ್ನು ಕಚೇರಿಯವನೆಂದು ಬರೆದು ಆ ಇಪ್ಪತ್ತರೊಳಗೆ ಸಿಕ್ಕಿಸಿಕೊಂಡರೆ ಬಿಡಿಸುವುದು ಕಷ್ಟ.

ಉಳಿದವು ಸಣ್ಣವು. ಅಪಘಾತ ವಿಮೆಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು 2022ರ ಜೂನಿನಿಂದ ವರ್ಷಕ್ಕೆ 20 ರೂಪಾಯಿ; ಅರುವತ್ತು ಜನಕ್ಕೆ ಎರಡು ವರ್ಷಕ್ಕೆ 2,400. ಈ ಯೋಜನೆಗೆ ಹದಿನೆಂಟು ತುಂಬಿರಬೇಕು. ಆದ್ದರಿಂದ ನಮ್ಮ ಶಾಲೆಯ ಮಕ್ಕಳು, ಎಷ್ಟೇ ಆಸೆಪಟ್ಟರೂ, ಹೊಳೆಯ ದಂಡೆಯ ಜೋಡಿಗಳಲ್ಲಿ ಸೇರಲಿಲ್ಲ. ಲೆಕ್ಕ ತಪಾಸಣೆಗೆ 10,000. ಎಲ್ಲ ಸೇರಿ 4,67,680 ರೂಪಾಯಿ.

ಇಷ್ಟಾದ ಮೇಲೆ ಆ ಹಳೆಯ ಸಾಲಿಗೆ ಬರೋಣ. ‘ಸ್ವಯಂಸೇವಕರು, ಖರ್ಚು ಇಲ್ಲ’ ಎಂಬುದರ ಬದಲು ಏನು ಬರೆಯಬೇಕು? ಎರಡು ವರ್ಷದ ನಾನೂರು ಭೇಟಿಗೆ ಇಬ್ಬರಂತೆ ಎಂಟುನೂರು ಅರ್ಧ ದಿನ, ಎಂದರೆ ನಾನೂರು ಆಳಿನ ದಿನ. 2024–25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಆ ಲೆಕ್ಕದಲ್ಲಿ 1,39,600 ರೂಪಾಯಿ. ಇದನ್ನು ಕೇಳುವ ಹಣಕ್ಕೆ ಸೇರಿಸಲಿಲ್ಲ; ‘ಊರವರ ಪಾಲು’ ಎಂಬ ಬೇರೆ ಅಂಕಣದಲ್ಲಿ ಬರೆದೆವು. ಜನರ ಶ್ರಮ ಸೊನ್ನೆಯಾಗಿ ಕಾಣುವುದಕ್ಕೂ ಒಂದು ಲಕ್ಷ ನಲವತ್ತು ಸಾವಿರದ ಹತ್ತಿರದ ಕೊಡುಗೆಯಾಗಿ ಕಾಣುವುದಕ್ಕೂ ವ್ಯತ್ಯಾಸವಿದೆ. ಹಣ ಕೊಡುವವನಿಗೂ ಇದೆ, ದಂಡೆಯಲ್ಲಿ ನಿಲ್ಲುವವನಿಗೂ ಇದೆ. ಕೂಲಿಯ ದರವನ್ನೇ ಏಕೆ ಹಿಡಿದಿರಿ, ಕಲಿತವರಲ್ಲವೆ ಎಂದು ಒಬ್ಬ ಕೇಳಿದ. ಸರಕಾರವೇ ಪ್ರಕಟಿಸಿದ ದರವಾದರೆ ಯಾರೂ ಎದುರಾಡುವಂತಿಲ್ಲ ಎಂದೆ.

ಎರಡನೆಯ ಸಲದ ಅರ್ಜಿಗೆ ಉತ್ತರ ಬಂತು. ಕೆಲಸ ಒಪ್ಪಿಗೆ, ಒಂದು ಲಕ್ಷದಷ್ಟು ಕಡಿಮೆ ಮಾಡಿ ತನ್ನಿರಿ ಎಂದು. ಹುಡುಗರು ಮೊದಲು ಕೈ ಹಾಕಿದ್ದು ತಾಳೆ ನೋಡುವ ನಲವತ್ತು ಸಾವಿರಕ್ಕೂ ಎರಡನೆಯ ವರ್ಷದ ಮರುಪಾಠಕ್ಕೂ. ಇವನ್ನು ತೆಗೆದರೆ ಹಾಳೆಗಳು ಉಳಿಯುತ್ತವೆ, ಹಾಳೆಯ ಮೇಲಿನ ನಂಬಿಕೆ ಹೋಗುತ್ತದೆ. ಗುಣಾಕಾರ ಬಿಡಿಸಿ ಬರೆದಿದ್ದರಿಂದ ಬೇರೆ ಎರಡು ದಾರಿ ಕಂಡವು. ಅಕ್ಟೋಬರಿನಿಂದ ಮಾರ್ಚಿನವರೆಗೆ ಆರು ತಿಂಗಳು ಮಾತ್ರ ಎಣಿಸಿದರೆ ಭೇಟಿ, ಸುತ್ತುದಾರಿ, ತಾಳೆ, ಸಂಯೋಜಕನ ಎಂಟು ತಿಂಗಳ ಸಂಬಳ ಎಲ್ಲ ಸೇರಿ 1,17,440 ಉಳಿಯುತ್ತದೆ. ಇಲ್ಲವೆ ಇಪ್ಪತ್ತು ಜಾಗಗಳನ್ನು ಹನ್ನೆರಡಕ್ಕೆ ಇಳಿಸಿ, ಅದಕ್ಕೆ ತಕ್ಕಂತೆ ಜನ, ಕೈಪುಸ್ತಕ, ದುರ್ಬೀನು ಇಳಿಸಿದರೆ 96,960 ಉಳಿಯುತ್ತದೆ. ಹಣದ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ತೀರ್ಮಾನ ಹಣದಿಂದ ಆಗುವುದಿಲ್ಲ, ಪ್ರಶ್ನೆಯಿಂದ ಆಗಬೇಕು. ವಲಸೆ ಬರುವ ಹಕ್ಕಿಗಳಷ್ಟೇ ನಮ್ಮ ಪ್ರಶ್ನೆಯಾಗಿದ್ದರೆ ಮೊದಲ ದಾರಿ. ಆದರೆ ಹುಡುಗರ ಪ್ರಶ್ನೆ ಬೇಸಗೆಯದು: ಏಪ್ರಿಲ್, ಮೇ ತಿಂಗಳಲ್ಲಿ ಕೃಷ್ಣೆ ಮಡುಗಳಾಗಿ ಒಡೆದು ನಿಂತಾಗ ಊರಿನವೇ ಆದ ಹಕ್ಕಿಗಳು ಎಲ್ಲಿ ಸೇರುತ್ತವೆ, ಎಷ್ಟು ಉಳಿಯುತ್ತವೆ ಎಂಬುದು. ಆರು ತಿಂಗಳ ಎಣಿಕೆಯಲ್ಲಿ ಆ ಪ್ರಶ್ನೆಯೇ ಮುಳುಗಿಹೋಗುತ್ತಿತ್ತು.

ಅವರು ಜಾಗಗಳನ್ನು ಇಳಿಸಿದರು. ಅಥಣಿ, ಚಿಕ್ಕೋಡಿಗಳಿಗೆ ಮೂರು ಮೂರು, ಉಳಿದ ಮೂರು ತಾಲ್ಲೂಕುಗಳಿಗೆ ಎರಡೆರಡು. ಬಿಟ್ಟ ಎಂಟರಲ್ಲಿ ತಗ್ಗಿನ ಸೇತುವೆಯ ಆಚೆಯದು ಒಂದೂ ಇಲ್ಲ. ಆ ಆರನ್ನೂ ಉಳಿಸಿಕೊಂಡು, ಸುತ್ತುದಾರಿಯ ಎರಡು ವರ್ಷದ 2,880 ರೂಪಾಯಿಯ ಸಾಲನ್ನು ಇದ್ದಂತೆಯೇ ಬಿಟ್ಟು, 3,70,720 ರೂಪಾಯಿಯ ಪಟ್ಟಿಯನ್ನು ಅಂಚೆಗೆ ಹಾಕಿದರು.